ಹೊರಡುವ ದಿನಕ್ಕೆ ಮಗುವಿಗೆ ಎಷ್ಟು ತುಂಬಿರುತ್ತದೆ?

ನನ್ನ ತಂಗಿಯ ಮಗಳು ಹುಟ್ಟಿದ್ದು 2023ರ ನವೆಂಬರ್ 14ರಂದು. 2025ರ ನವೆಂಬರ್‌ನಲ್ಲಿ ಅವರು ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಹೋದರು. 10ಕ್ಕೆ ಹೊರಟು 17ಕ್ಕೆ ವಾಪಸು ಬರುವುದೆಂದು ಸೆಪ್ಟೆಂಬರ್‌ನಲ್ಲೇ ಏಜೆಂಟರಿಗೆ ಫೋನ್ ಮಾಡಿ ಟಿಕೆಟ್ ಮಾಡಿಸಿದ್ದರು. ‘ಮಗು ಎರಡು ವರ್ಷದ ಒಳಗಿನದು ತಾನೇ?’ ಎಂದು ಏಜೆಂಟರು ಕೇಳಿದರು, ತಂಗಿ ಹೌದು ಎಂದಳು. ಅವಳು ಹೇಳಿದ್ದು ಆ ದಿನಕ್ಕೆ ನಿಜವೇ ಆಗಿತ್ತು. ಹೋಗುವಾಗ ಮಗು ಅಮ್ಮನ ತೊಡೆಯ ಮೇಲೆ ಕೂತು ಹಾಯಾಗಿ ಹೋಯಿತು. ವಾಪಸು ಬರುವ ದಿನ ದೆಹಲಿಯ ಕೌಂಟರಿನಲ್ಲಿ ಜನನ ಪ್ರಮಾಣಪತ್ರ ನೋಡಿದ ಸಿಬ್ಬಂದಿ, ಮಗುವಿಗೆ ಎರಡು ತುಂಬಿ ಮೂರು ದಿನವಾಗಿದೆ, ಪ್ರತ್ಯೇಕ ಸೀಟು ಬೇಕೇ ಬೇಕು ಎಂದರು. ಆವತ್ತಿನ ದರ ಕೊಟ್ಟು ಸೀಟು ಕೊಂಡಿದ್ದಾಯಿತು. ಸೀಟು ಉಳಿದಿದ್ದೇ ಪುಣ್ಯ. ವಿಮಾನ ತುಂಬಿದ್ದರೆ ಮೂವರೂ ಅಲ್ಲೇ ಉಳಿಯಬೇಕಿತ್ತು.

ಮೂರು ದಿನಕ್ಕೆ ಇಷ್ಟು ಕಟ್ಟುನಿಟ್ಟು ಯಾಕೆ ಎಂದು ತಂಗಿ ಬಹಳ ನೊಂದುಕೊಂಡಳು. ವಿಮಾನದಲ್ಲಿ ಎರಡು ವರ್ಷದ ಗೆರೆ ಎಳೆದಿರುವುದು ಮೊದಲಿಗೆ ಸುರಕ್ಷತೆಗಾಗಿ, ರಿಯಾಯಿತಿಯ ಮಾತು ಆಮೇಲಿನದು. ಎರಡು ತುಂಬದ ಕೂಸು ದೊಡ್ಡವರ ತೊಡೆಯ ಮೇಲೆ ಕೂರಬಹುದು. ಅದಕ್ಕೆಂದು ಗಗನಸಖಿಯರು ಒಂದು ಪುಟ್ಟ ಬೆಲ್ಟ್ ತಂದು ಅಮ್ಮನ ಬೆಲ್ಟಿಗೆ ಪೋಣಿಸಿ ಕೊಡುತ್ತಾರೆ. ಎರಡು ತುಂಬಿದ ಮಗುವಿಗೆ ತನ್ನದೇ ಸೀಟು, ತನ್ನದೇ ಬೆಲ್ಟ್ ಇರಬೇಕು. ಸೀಟುಗಳ ನೆತ್ತಿಯ ಮೇಲಿರುವ ಆಮ್ಲಜನಕದ ಮುಖವಾಡಗಳನ್ನೂ ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ. ಸಾಮಾನ್ಯವಾಗಿ ಮೂರು ಸೀಟಿನ ಸಾಲಿಗೆ ನಾಲ್ಕು ಮುಖವಾಡ, ಅಂದರೆ ಒಂದೇ ಒಂದು ಹೆಚ್ಚಿನದು. ಹಾಗಾಗಿ ಒಂದೇ ಸಾಲಿನ ಒಂದೇ ಬದಿಯಲ್ಲಿ ಎರಡು ತೊಡೆಕೂಸುಗಳನ್ನು ಕೂರಿಸುವುದಿಲ್ಲ. ಒಬ್ಬ ದೊಡ್ಡವರ ಜೊತೆ ಒಂದೇ ಕೂಸು ಎಂಬ ನಿಯಮವೂ ಇದೆ. ಇವೆಲ್ಲ ಆಯಾ ಹಾರಾಟದ ಮಟ್ಟಿಗೆ ಪಾಲಿಸಬೇಕಾದವು. ಆದ್ದರಿಂದ ವಯಸ್ಸನ್ನು ಟಿಕೆಟ್ ಕೊಂಡ ದಿನಕ್ಕೆ ನೋಡದೆ ಹಾರುವ ದಿನಕ್ಕೆ ನೋಡುತ್ತಾರೆ. ಹೋಗುವುದಕ್ಕೆ ಒಂದು ಲೆಕ್ಕ, ಬರುವುದಕ್ಕೆ ಇನ್ನೊಂದು. ‘ಎರಡರ ಒಳಗೆ’ ಎಂದರೆ ಹುಟ್ಟುಹಬ್ಬದ ದಿನವೂ ಸೇರುವುದಿಲ್ಲ, ಅವತ್ತಿಗೆ ಎರಡು ತುಂಬಿಯಾಯಿತು.

ತಂಗಿ ಮಾಡಬೇಕಾಗಿದ್ದುದು ಸುಲಭದ ಕೆಲಸ. ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆ ಟಿಕೆಟ್ ಕೊಳ್ಳಬೇಕಿತ್ತು. ಹತ್ತನೇ ತಾರೀಖಿಗೆ ಕೂಸೆಂದು, ಹದಿನೇಳಕ್ಕೆ ಮಗುವೆಂದು ಸೀಟು ಸಮೇತ. ನಮ್ಮಲ್ಲಿ ದೇಶದೊಳಗಿನ ಅಗ್ಗದ ವಿಮಾನಗಳಲ್ಲಿ ಎರಡು ತುಂಬಿದ ಮಗುವಿನ ದರಕ್ಕೂ ದೊಡ್ಡವರ ದರಕ್ಕೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ, ಆದರೆ ಸೆಪ್ಟೆಂಬರ್‌ನಲ್ಲೇ ಕೊಂಡ ಸೀಟಿಗೂ ಹೊರಡುವ ದಿನ ಕೊಂಡ ಸೀಟಿಗೂ ಬಹಳ ವ್ಯತ್ಯಾಸವಿದೆ. ತಾನೇ ಫಾರಂ ತುಂಬಿದ್ದರೆ ಅವಳಿಗೆ ಆಗಲೇ ಗೊತ್ತಾಗುತ್ತಿತ್ತು. ವಿಮಾನದ ಫಾರಂ ಕೂಸಿನ ಹುಟ್ಟಿದ ತಾರೀಖು ಕೇಳುತ್ತದೆ, ತಾರೀಖು ಹೊಂದದಿದ್ದರೆ ಸಾಮಾನ್ಯವಾಗಿ ಅಲ್ಲೇ ತಡೆಯುತ್ತದೆ. ಏಜೆಂಟರಿಗೆ ಫೋನಿನಲ್ಲಿ ಹೇಳುವುದಾದರೆ ವಯಸ್ಸು ಹೇಳಬೇಡಿ, ತಾರೀಖು ಹೇಳಿ.

ರೈಲಿನ ತೊಂದರೆ ಬೇರೆ ಬಗೆಯದು. ಅಲ್ಲಿನ ಫಾರಂ ಕೇಳುವುದು ವಯಸ್ಸು, ಬರೀ ಒಂದು ಅಂಕಿ. ನಾಲ್ಕು ಎಂದರೆ ನಾಲ್ಕು, ತಡೆಯುವವರು ಯಾರೂ ಇಲ್ಲ. ಮುಂಗಡ ಬುಕಿಂಗ್ ಈಗ 60 ದಿನ ಮೊದಲೇ ತೆರೆಯುತ್ತದೆ. ಅಷ್ಟರಲ್ಲಿ ಮಗುವಿಗೆ ಹುಟ್ಟುಹಬ್ಬ ಬಂದುಹೋಗಬಹುದು. ಬರೆಯುವವರು ಮಾತ್ರ ಇವತ್ತಿನ ವಯಸ್ಸು ಬರೆದುಬಿಡುತ್ತಾರೆ. ಇನ್ನು ನಮ್ಮ ಮನೆಮಾತೇ ಗೊಂದಲ ಮಾಡುತ್ತದೆ. ‘ಐದು ನಡೀತಿದೆ’ ಎಂದರೆ ನಾಲ್ಕು ತುಂಬಿದೆ ಎಂದರ್ಥ. ‘ಹನ್ನೆರಡಕ್ಕೆ ಬಿದ್ದ’ ಎಂದರೆ ಹನ್ನೊಂದು ತುಂಬಿದವನು. ಅಜ್ಜಿಯ ಬಾಯಿಂದ ಕೇಳಿ ಐದು ಎಂದು ಬರೆದರೆ ಟಿಕೆಟ್ಟೇ ಬೇಡದ ಮಗುವಿಗೆ ಟಿಕೆಟ್ ಕೊಂಡ ಹಾಗೆ. ತಿಥಿ, ನಕ್ಷತ್ರ ನೋಡಿ ಹುಟ್ಟುಹಬ್ಬ ಮಾಡುವ ಮನೆಯವರೂ ಇಲ್ಲಿ ಜನನ ಪ್ರಮಾಣಪತ್ರದ ತಾರೀಖನ್ನೇ ಹಿಡಿಯಬೇಕು. ಪ್ರಯಾಣದ ದಿನಕ್ಕೆ ಎಷ್ಟು ತುಂಬಿರುತ್ತದೋ ಅದೇ ವಯಸ್ಸು.

ರೈಲಿನಲ್ಲಿ ಐದು ತುಂಬದ ಮಗುವಿಗೆ ಟಿಕೆಟ್ ಇಲ್ಲ, ಬರ್ತೂ ಇಲ್ಲ. ರಿಸರ್ವೇಶನ್ ಫಾರಂನಲ್ಲಿ ಅಂಥ ಮಕ್ಕಳ ಹೆಸರು ಬರೆಯಲು ಬೇರೆಯೇ ಜಾಗವಿದೆ. ಐದು ತುಂಬಿ ಹನ್ನೆರಡು ತುಂಬದ ಮಗುವಿನ ವಿಷಯದಲ್ಲಿ 2016ರ ಏಪ್ರಿಲ್ 21ರಿಂದ ನಿಯಮ ಬದಲಾಗಿದೆ. ಇದು ಈಗಲೂ ಅನೇಕರಿಗೆ ತಿಳಿದಿಲ್ಲ. ಮೊದಲು ಹಾಫ್ ಟಿಕೆಟ್ ಕೊಂಡರೆ ಮಗುವಿಗೂ ಒಂದು ಬರ್ತ್ ಸಿಗುತ್ತಿತ್ತು. ಈಗ ಬರ್ತ್ ಬೇಕೆಂದರೆ ದೊಡ್ಡವರಷ್ಟೇ ಪೂರಾ ದರ. ಬರ್ತ್ ಬೇಡವೆಂದರೆ ಮಾತ್ರ ಅರ್ಧ ದರ, ಆಗ ಟಿಕೆಟ್ಟಿನಲ್ಲಿ ಮಗುವಿನ ಹೆಸರಿನ ಮುಂದೆ NOSB ಎಂದು ಬರುತ್ತದೆ. ಅಂದರೆ ಸೀಟೂ ಇಲ್ಲ, ಬರ್ತೂ ಇಲ್ಲ, ಮಗು ಅಪ್ಪನ ಅಥವಾ ಅಮ್ಮನ ಜೊತೆ ಮಲಗಬೇಕು. ಆ ಅಕ್ಷರಗಳ ಅರ್ಥ ತಿಳಿಯದೆ, ಮಗುವಿನ ಬರ್ತ್ ಎಲ್ಲಿ ಎಂದು ರೈಲಿನಲ್ಲಿ ಟಿಟಿಯ ಹತ್ತಿರ ವಾದಕ್ಕೆ ನಿಂತವರನ್ನು ನಾನು ನೋಡಿದ್ದೇನೆ. ಐದಾರು ವರ್ಷದ ಮಗು ಹೇಗೋ ಪಕ್ಕದಲ್ಲಿ ಹೊಂದಿಕೊಳ್ಳುತ್ತದೆ. ಹತ್ತು ವರ್ಷದ ಹುಡುಗನನ್ನು ಒಂದೇ ಬರ್ತಿನಲ್ಲಿ ಇಡೀ ರಾತ್ರಿ ಮಲಗಿಸಿಕೊಳ್ಳುವುದು ಉಳಿಸಿದ ದುಡ್ಡಿಗೆ ತಕ್ಕದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಕೂತು ಹೋಗುವ ಚೇರ್ ಕಾರ್‌ನಲ್ಲಿ ಈ ಅರ್ಧ ದರದ ಆಯ್ಕೆಯೇ ಇಲ್ಲ. ವಂದೇ ಭಾರತ್‌ನ ಚೇರ್ ಕಾರ್‌ನಲ್ಲಿ ಐದು ತುಂಬಿದ ಮಗುವಿಗೂ ಪೂರಾ ದರ. ರಿಸರ್ವೇಶನ್ ಇಲ್ಲದ ಜನರಲ್ ಬೋಗಿಯಲ್ಲಿ ಮಾತ್ರ ಹಳೆಯ ಹಾಫ್ ಟಿಕೆಟ್ ಹಾಗೇ ಉಳಿದಿದೆ.

ತಪ್ಪು ವಯಸ್ಸು ಬರೆದಿದ್ದರೆ ಟಿಟಿ ಮಗುವಿನ ಆಧಾರ್ ಅಥವಾ ಜನನ ಪ್ರಮಾಣಪತ್ರ ಕೇಳಬಹುದು. ಟಿಕೆಟ್ ಇರಬೇಕಾದ ಮಗುವಿಗೆ ಇಲ್ಲವೆಂದರೆ ಟಿಕೆಟ್ ದರದ ಮೇಲೆ ದಂಡವೂ ಬೀಳುತ್ತದೆ, ದಂಡ ಕನಿಷ್ಠ 250 ರೂಪಾಯಿ. ತಪ್ಪು ಮೊದಲೇ ಗೊತ್ತಾದರೆ ಆ ಮಗುವಿನ ಹೆಸರನ್ನಷ್ಟೇ ರದ್ದು ಮಾಡಿಸಿ ಹೊಸದಾಗಿ ಟಿಕೆಟ್ ಕೊಳ್ಳಬಹುದು. ಆದರೆ ಹೊಸ ಟಿಕೆಟ್ಟಿನ ಪಿಎನ್‌ಆರ್ ಬೇರೆ, ಬರ್ತ್ ಬೇರೆ ಬೋಗಿಯಲ್ಲೂ ಬಂದೀತು. ಬುಕಿಂಗ್ ತುಂಬಿಹೋಗಿದ್ದರೆ ವೇಟಿಂಗ್ ಲಿಸ್ಟೇ ಗತಿ.

ಈ ಬೇಸಿಗೆಗೆ ತಂಗಿ ಮನೆಯವರು ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಮುಂಬೈಗೆ ಹೊರಟರು, ಮೇ 25ಕ್ಕೆ. ದೊಡ್ಡವನು ಹುಟ್ಟಿದ್ದು 2021ರ ಮೇ 22ರಂದು. ಬುಕಿಂಗ್ ತೆರೆದಾಗ ಮಾರ್ಚ್, ಅವನಿಗೆ ನಾಲ್ಕೇ. ಅವಳು ಫೋನಿನಲ್ಲಿ ವಯಸ್ಸಿನ ಜಾಗಕ್ಕೆ ಬಂದಾಗ ಒಂದು ಗಳಿಗೆ ನಿಂತು, ಐದು ಎಂದು ಒತ್ತಿದಳು. ಮಗಳಿಗೆ ಎರಡೂವರೆ, ಅವಳಿಗೆ ಟಿಕೆಟ್ ಬೇಡ. ಅಪ್ಪ ಅಮ್ಮನ ಎರಡು ಬರ್ತಿನಲ್ಲಿ ನಾಲ್ಕು ಜನ ಮಲಗುವುದು ಆಗದ ಮಾತೆಂದು ಮಗನಿಗೆ ಪೂರಾ ದರ ಕೊಟ್ಟು ಮೂರನೆಯ ಬರ್ತನ್ನೇ ತೆಗೆದುಕೊಂಡರು.