ಎರಡು ಚೀಟಿ, ಒಂದು ಸರಾಸರಿ

ತೋಟದಲ್ಲಿ ನಾಲ್ಕು ತೆಂಗಿನ ಮರಗಳಿವೆ ಎನ್ನಿ. ವರ್ಷದ ಫಸಲು 40, 44, 52, 64 ಕಾಯಿ, ಸರಾಸರಿ 50. ಆದರೆ ಇದು ನಮಗೆ ಗೊತ್ತಿಲ್ಲ. ಎರಡೇ ಮರದ ಕಾಯಿ ಎಣಿಸಿ ಸರಾಸರಿಯನ್ನು ಅಂದಾಜು ಮಾಡಬೇಕು. ನಾಲ್ಕು ಚೀಟಿ ಬರೆದು, ಚೆನ್ನಾಗಿ ಕಲಸಿ, ಎರಡನ್ನು ಎತ್ತುತ್ತೇವೆ. ಸಾಧ್ಯವಿರುವ ಆರು ಜೋಡಿಗಳಲ್ಲಿ ಪ್ರತಿಯೊಂದಕ್ಕೂ ಸಮಾನ ಅವಕಾಶ. ಇದೇ ಸರಳ ಯಾದೃಚ್ಛಿಕ ಮಾದರಿ.

ಆ ಜೋಡಿಗಳ ಸರಾಸರಿ 42, 46, 52, 48, 54, 58. ಇವುಗಳಲ್ಲಿ ಒಂದೂ 50 ಅಲ್ಲ! ಆದರೆ ಆರನ್ನೂ ಕೂಡಿಸಿ ಆರರಿಂದ ಭಾಗಿಸಿದರೆ ಸರಿಯಾಗಿ 50. ಮಾದರಿಯ ಸರಾಸರಿ ಪಕ್ಷಪಾತರಹಿತ ಎನ್ನುವುದು ಈ ಅರ್ಥದಲ್ಲಿ. ಒಂದೊಂದು ಸಲ ತಪ್ಪಬಹುದು, ಒಂದೇ ಕಡೆಗೆ ವಾಲುವುದಿಲ್ಲ.

ಇದು ಆಕಸ್ಮಿಕವಲ್ಲ. N ಮರಗಳಲ್ಲಿ n ಆರಿಸುವಾಗ ಪ್ರತಿ ಮರಕ್ಕೂ ಒಂದು ಗುರುತು Z ಕೊಡೋಣ: ಆಯ್ಕೆಯಾದರೆ 1, ಇಲ್ಲವಾದರೆ 0. ಆಗ ಮಾದರಿಯ ಸರಾಸರಿ (1/n) Σ yᵢZᵢ. ಪ್ರತಿ ಮರ ಆಯ್ಕೆಯಾಗುವ ಸಂಭವ n/N. Z ನ ನಿರೀಕ್ಷಿತ ಬೆಲೆಯೂ ಅದೇ.

E(ȳ) = (1/n) Σ yᵢ (n/N) = (1/N) Σ yᵢ

ಬಲಗಡೆ ಉಳಿದದ್ದು ಇಡೀ ತೋಟದ ಸರಾಸರಿ.

ಇನ್ನು ಏರುಪೇರಿನ ಅಳತೆ, ಅಂದರೆ ವೇರಿಯನ್ಸ್. ಒಂದು Z ನ ವೇರಿಯನ್ಸ್ V = (n/N)(1 − n/N). ಒಂದು ಮರ ಬಂದರೆ ಇನ್ನೊಂದಕ್ಕೆ ಜಾಗ ಕಡಿಮೆ. ಹಾಗಾಗಿ ಎರಡು Z ಗಳ ಕೋವೇರಿಯನ್ಸ್ C ಋಣ ಸಂಖ್ಯೆ. ಅದು ಎಷ್ಟು? ಎಲ್ಲ Z ಗಳ ಮೊತ್ತ ಯಾವಾಗಲೂ n, ಬದಲಾಗದು. ಆದ್ದರಿಂದ V + (N−1)C = 0, ಅಂದರೆ C = −V/(N−1).

ಪ್ರತಿ ಮರದ ಫಸಲು ಸರಾಸರಿಯಿಂದ ಸರಿದ ದೂರ dᵢ ಎನ್ನೋಣ. ಅವುಗಳ ಮೊತ್ತ ಸೊನ್ನೆ. ಹಾಗಾಗಿ ಬೇರೆ ಬೇರೆ ಮರಗಳ dᵢdⱼ ಗುಣಲಬ್ಧಗಳ ಮೊತ್ತ −Σdᵢ². ಈಗ

Var(ȳ) = (1/n²)(V − C) Σdᵢ² = (1 − n/N) S²/n

ಇಲ್ಲಿ S² = Σdᵢ²/(N−1). ನಮ್ಮ ತೋಟದಲ್ಲಿ Σdᵢ² = 100 + 36 + 4 + 196 = 336, S² = 112. ಸೂತ್ರ ಕೊಡುವ ಉತ್ತರ ½ × 112/2 = 28. ಆರು ಸರಾಸರಿಗಳು 50ರಿಂದ ಸರಿದ ದೂರಗಳ ವರ್ಗಗಳನ್ನು ಕೂಡಿಸಿದರೆ 168. ಆರರಿಂದ ಭಾಗಿಸಿದರೂ 28.

ನಾಲ್ಕೂ ಮರ ಎಣಿಸಿದರೆ (1 − n/N) ಸೊನ್ನೆಯಾಗಿ ಏರುಪೇರು ಮಾಯವಾಗುತ್ತದೆ. ತೋಟ ಬಹಳ ದೊಡ್ಡದಾದರೆ ಅದು ಸುಮಾರು 1. ಆಗ ನಿಖರತೆ ನಿಂತಿರುವುದು ಎಷ್ಟು ಮರ ಎಣಿಸಿದೆವು ಎಂಬುದರ ಮೇಲೆ, ತೋಟದ ಎಷ್ಟನೇ ಪಾಲು ಎಂಬುದರ ಮೇಲಲ್ಲ.

ಇಷ್ಟಕ್ಕೂ ಆಧಾರ ಚೀಟಿ. ಹತ್ತಲು ಸುಲಭವೆಂದು ಮೊದಲೆರಡು ಮರಗಳನ್ನೇ ಎಣಿಸುವವನಿಗೆ ಪ್ರತಿ ಸಲವೂ 42 ಬರುತ್ತದೆ. ಏರುಪೇರು ಸೊನ್ನೆ, ಉತ್ತರ ಮಾತ್ರ ತಪ್ಪು.