ನಡುವೆ ಒಂದು ಫೋನು

ಬೆಂಗಳೂರಿನ ಮನೆಯೊಂದಕ್ಕೆ ಟೈಲ್ಸ್ ಹಾಕಲು ಬಂದ ಮೇಸ್ತ್ರಿಗೆ ಬಂಗಾಳಿ ಮಾತ್ರ ಗೊತ್ತು, ಮನೆಯೊಡತಿಗೆ ಕನ್ನಡ ಮಾತ್ರ ಎಂದಿಟ್ಟುಕೊಳ್ಳಿ. ಗೂಗಲ್ ಟ್ರಾನ್ಸ್‌ಲೇಟ್ ಆ್ಯಪ್‌ನಲ್ಲಿ ಎರಡೂ ಭಾಷೆ ಆರಿಸಿ, ಸಂಭಾಷಣೆಯ ಬಟನ್ ಒತ್ತಿದರೆ ಮಾತು ಶುರು.

ಆಕೆ ಕನ್ನಡದಲ್ಲಿ, “ಬಚ್ಚಲಿನ ನೀರು ಬಾಗಿಲ ಕಡೆ ಬರಬಾರದು” ಎನ್ನುತ್ತಾರೆ. ಫೋನು ಮೊದಲು ಅದನ್ನು ಅಕ್ಷರಕ್ಕಿಳಿಸುತ್ತದೆ. ಆಮೇಲೆ ಅನುವಾದಿಸಿ, ಬಂಗಾಳಿಯಲ್ಲಿ ಓದಿ ಹೇಳುತ್ತದೆ. ಟೈಲ್ಸ್ ಕತ್ತರಿಸುವ ಸದ್ದಿನ ನಡುವೆ ಮೊದಲ ಹೆಜ್ಜೆಯೇ ತಪ್ಪಬಹುದು. ಪರದೆಯ ಮೇಲಿನ ಕನ್ನಡ ಸಾಲು ಓದಿದರೆ ಅದು ತಕ್ಷಣ ಗೊತ್ತಾಗುತ್ತದೆ.

ಅನುವಾದದ ತಪ್ಪು ಮಾತ್ರ ಆಕೆಯ ಕಣ್ಣಿಗೆ ಬೀಳದು. “ಅರ್ಥವಾಯ್ತಾ?” ಎಂದು ಕೇಳಿ ಪ್ರಯೋಜನವಿಲ್ಲ, ಯಾರೇ ಆದರೂ ಹೂಂ ಅಂದುಬಿಡುತ್ತಾರೆ! “ನೀರು ಯಾವ ಕಡೆ ಹೋಗುತ್ತೆ, ತೋರಿಸಿ” ಎನ್ನಬೇಕು. ಕೂಲಿಯ ಮೊತ್ತವನ್ನಂತೂ ಚೀಟಿಯಲ್ಲಿ ಅಂಕಿಯಲ್ಲೇ ಬರೆದು ತೋರಿಸುವುದು ಲೇಸು.