ಬಾಣಂತಿಯ ಕಾಫಿ, ಮಗುವಿನ ನಿದ್ದೆ

ಪಿರಿಯಾಪಟ್ಟಣದ ರಸ್ತೆ ಹಿಡಿದು ಸ್ವಲ್ಪ ಮುಂದೆ ಹೋದರೆ ಕೊಡಗು. ಹಾಗಾಗಿ ರಾವಂದೂರು ಸುತ್ತಿನ ಮನೆಗಳಲ್ಲಿ ಕಾಫಿ ಪುಡಿಗೆ ಬರವಿಲ್ಲ. ಹೆರಿಗೆಯಾದ ಮನೆಗೆ ನೆಂಟರು ಬಂದಾಗಲೆಲ್ಲ ಕಾಫಿ ಆಗುತ್ತದೆ, ಬಾಣಂತಿಗೂ ಒಂದು ಲೋಟ ಸಿಗುತ್ತದೆ. ಆಗ ಒಬ್ಬರು "ಕುಡಿಯಲಿ, ಮೈಗೆ ಬಿಸಿ" ಎನ್ನುತ್ತಾರೆ, ಇನ್ನೊಬ್ಬರು "ಮಗು ನಿದ್ದೆ ಮಾಡಲ್ಲ, ಬೇಡ" ಎನ್ನುತ್ತಾರೆ. ಇಬ್ಬರ ಮಾತನ್ನೂ ಪೂರ್ತಿ ಒಪ್ಪುವಂತಿಲ್ಲ. ಎಷ್ಟು ಕುಡಿಯುತ್ತಾರೆ, ಮಗುವಿಗೆ ಎಷ್ಟು ದಿನ ಎಂಬುದನ್ನು ನೋಡಿ ಉತ್ತರ ಹೇಳಬೇಕು.

ಕಾಫಿಯಲ್ಲಿ ನಿದ್ದೆ ಕೆಡಿಸುವ ಅಂಶ ಕೆಫೀನ್. ಅದು ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಎದೆಹಾಲಿಗೆ ಸೇರುತ್ತದೆ. ಕಾಫಿ ಕುಡಿದು ಸುಮಾರು ಒಂದು ಗಂಟೆಯ ಹೊತ್ತಿಗೆ ಹಾಲಿನಲ್ಲಿ ಅದರ ಪ್ರಮಾಣ ಹೆಚ್ಚಾಗಿರುತ್ತದೆ. ರಕ್ತದಲ್ಲಿ ಕಡಿಮೆಯಾಗುತ್ತಾ ಬಂದಂತೆ ಹಾಲಿನಲ್ಲೂ ಕಡಿಮೆಯಾಗುತ್ತದೆ. ಆದ್ದರಿಂದ ಹಾಲು ಹಿಂಡಿ ಚೆಲ್ಲಿದರೆ ಪ್ರಯೋಜನವಿಲ್ಲ. ರಕ್ತದಲ್ಲಿ ಕೆಫೀನ್ ಇರುವವರೆಗೆ ಹೊಸದಾಗಿ ಬರುವ ಹಾಲಿನಲ್ಲೂ ಅದು ಇರುತ್ತದೆ. ತಾಯಿ ಕುಡಿದದ್ದರಲ್ಲಿ ಮಗುವಿಗೆ ಹೋಗುವುದು ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ.

ಇಷ್ಟು ಕಡಿಮೆಯಾದರೆ ತೊಂದರೆ ಏಕೆ? ತಾಯಿಯ ದೇಹದಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಸಾಕು. ನವಜಾತ ಶಿಶುವಿನ ಯಕೃತ್ತು ಇನ್ನೂ ಬಲಿತಿರುವುದಿಲ್ಲ. ಅಲ್ಲಿ ಅರ್ಧ ಇಳಿಯಲು ಮೂರರಿಂದ ನಾಲ್ಕು ದಿನ ಬೇಕು. ತಿಂಗಳು ತುಂಬುವ ಮುನ್ನ ಹುಟ್ಟಿದ ಮಗುವಿಗೆ ಇನ್ನೂ ಹೆಚ್ಚು. ಮೂರರಿಂದ ಐದು ತಿಂಗಳಾದಾಗ ಇದು ಸುಮಾರು 14 ಗಂಟೆಗೆ ಇಳಿಯುತ್ತದೆ. ಆರು ತಿಂಗಳ ಮಗು ಹೆಚ್ಚುಕಡಿಮೆ ದೊಡ್ಡವರಷ್ಟೇ ಬೇಗ ಹೊರಹಾಕುತ್ತದೆ.

ಒಂದು ಲೆಕ್ಕ ನೋಡೋಣ. ಹದಿನೈದು ದಿನದ ಮಗುವಿನ ತಾಯಿ ದಿನಕ್ಕೆ ನಾಲ್ಕು ಲೋಟ ಡಿಕಾಕ್ಷನ್ ಕಾಫಿ ಕುಡಿಯುತ್ತಾರೆ ಎಂದಿಟ್ಟುಕೊಳ್ಳಿ. ಐಸಿಎಂಆರ್ ಹೇಳುವಂತೆ 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ನಾಲ್ಕು ಲೋಟಕ್ಕೆ ಸುಮಾರು 400 ಮಿಲಿಗ್ರಾಂ ಆಯಿತು, ಮಗುವಿಗೆ ದಿನಕ್ಕೆ 4 ಮಿಲಿಗ್ರಾಂ. ಇಂದಿನದು ಕರಗುವ ಮೊದಲೇ ನಾಳೆಯದು ಬಂದು ಸೇರುತ್ತದೆ. ಎರಡು ಮೂರು ವಾರದಲ್ಲಿ ಐದಾರು ದಿನದ ಪಾಲು ಆ ಪುಟ್ಟ ದೇಹದಲ್ಲಿ ಕೂಡಿಕೊಂಡಿರುತ್ತದೆ. ಇದೇ ತಾಯಿ ಎರಡು ಲೋಟ ಕುಡಿದರೆ ಆ ರಾಶಿಯೂ ಅರ್ಧವಾಗುತ್ತದೆ.

ಹೀಗಾಗಿ ಚಿಲ್ಲಾ ಮುಗಿಯುವವರೆಗೆ, ಅಂದರೆ ಮೊದಲ ನಲವತ್ತು ದಿನ, ಹೊತ್ತು ನೋಡುವುದಕ್ಕಿಂತ ಲೋಟ ಎಣಿಸುವುದು ಮುಖ್ಯ. ಹಾಲುಣಿಸುವ ತಾಯಿಗೆ ದಿನಕ್ಕೆ 200 ಮಿಲಿಗ್ರಾಂವರೆಗೆ ಮಗುವಿಗೆ ತೊಂದರೆಯಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿದೆ. ಅದು ಎರಡು ಸಣ್ಣ ಲೋಟ. ಒಂದು ಲೋಟ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಇರುವುದರಿಂದ ಅದನ್ನೂ ಲೆಕ್ಕಕ್ಕೆ ಸೇರಿಸಿ. ಕೋಲಾ ಮತ್ತು ಕೆಲವು ತಲೆನೋವಿನ ಮಾತ್ರೆಗಳಲ್ಲೂ ಕೆಫೀನ್ ಇರುತ್ತದೆ. ಪುಡಿ ಕೊಳ್ಳುವಾಗ ಕೇಳಿ ನೋಡಿ: ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್. ಕೊಡಗಿನಲ್ಲಿ ಹೆಚ್ಚಾಗಿ ಬೆಳೆಯುವುದು ರೊಬಸ್ಟಾ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಆದ್ದರಿಂದ ಚಿಕೋರಿ ಬೆರೆತ ಪುಡಿಯಲ್ಲಿ ಅಷ್ಟು ಕಡಿಮೆ.

ಮಗು ಮೂರು ತಿಂಗಳು ದಾಟಿದ ಮೇಲೆ ಹೊತ್ತು ನೋಡಿ ಕುಡಿಯುವುದರಿಂದ ಹೆಚ್ಚು ಲಾಭವಿದೆ. ಮಗುವಿಗೆ ಹಾಲುಣಿಸಿ ಮಲಗಿಸಿದ ಕೂಡಲೇ ಕಾಫಿ ಕುಡಿಯಿರಿ. ಮುಂದಿನ ಹಾಲಿಗೆ ಎರಡು ಮೂರು ಗಂಟೆ ಇದ್ದರೆ ಕೆಫೀನ್ ಹೆಚ್ಚಿರುವ ಹೊತ್ತು ಕಳೆದಿರುತ್ತದೆ. ಪೂರ್ತಿ ಹೋಗಿರುವುದಿಲ್ಲ, ಇಳಿಯತೊಡಗಿರುತ್ತದೆ ಅಷ್ಟೆ. ಮಗು ನಡುವೆ ಹಸಿದು ಅತ್ತರೆ ಕಾಫಿಯ ನೆಪದಲ್ಲಿ ಕಾಯಿಸಬೇಡಿ, ಹಾಲು ಕೊಡಿ. ರಮಝಾನಿನಲ್ಲಿ ಉಪವಾಸ ಇರುವ ತಾಯಂದಿರು ಇಡೀ ದಿನದ ಕಾಫಿಯನ್ನು ಇಫ್ತಾರ್ ಮತ್ತು ಸಹರಿಯ ನಡುವೆ ಕುಡಿದುಬಿಡುವುದುಂಟು. ಆಗಲೂ ಎರಡು ಲೋಟದ ಮಿತಿಯೇ ಇರಲಿ.

ಕೆಫೀನ್ ಹೆಚ್ಚಾದ ಮಗು ಹೊಟ್ಟೆ ತುಂಬಿದ್ದರೂ ಕಣ್ಣು ಬಿಟ್ಟುಕೊಂಡಿರುತ್ತದೆ, ಮಲಗಿದರೂ ಬೆಚ್ಚಿ ಏಳುತ್ತದೆ, ಕಿರಿಕಿರಿ ಮಾಡುತ್ತದೆ. ಅನುಮಾನವಿದ್ದರೆ ಕಾಫಿ, ಚಹಾ ಎರಡನ್ನೂ ಬಿಟ್ಟು ನೋಡಿ. ಎಳೆ ಮಗುವಿನಲ್ಲಿ ಒಂದೇ ದಿನಕ್ಕೆ ವ್ಯತ್ಯಾಸ ಕಾಣದು, ಒಂದು ವಾರವಾದರೂ ಬೇಕು. ದಿಢೀರನೆ ಬಿಟ್ಟರೆ ತಾಯಿಗೆ ತಲೆನೋವು ಬರಬಹುದು, ಎರಡು ಮೂರು ದಿನದಲ್ಲಿ ಇಳಿಸುತ್ತಾ ಬನ್ನಿ. ವಾರ ಕಳೆದರೂ ಮಗು ಹಾಗೆಯೇ ಇದ್ದರೆ ಕಾರಣ ಬೇರೆ ಇರಬಹುದು. ಜ್ವರ ಬಂದರೆ ಅಥವಾ ಮಗು ಹಾಲು ಬಿಟ್ಟರೆ ವಾರ ಕಾಯಬೇಡಿ, ಅಂದೇ ವೈದ್ಯರಿಗೆ ತೋರಿಸಿ.

ಕೊನೆಯದಾಗಿ, ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಕಾಫಿಯ ಜೊತೆ ನುಂಗಬೇಡಿ. ಕಾಫಿ, ಚಹಾ ಎರಡೂ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ಮಾತ್ರೆಗೂ ಊಟಕ್ಕೂ ಹಿಂದೆ ಮುಂದೆ ಒಂದು ಗಂಟೆ ಬಿಟ್ಟು ಲೋಟ ಹಿಡಿಯಿರಿ.